73 ರನ್ ಕಮ್ಮಿ ಇದ್ರೂ ಸೋಲಲಿಲ್ಲ ಅಂದ್ರೆ ಹೇಗೆ? ಟೆಸ್ಟ್ ಮ್ಯಾಚ್ ನೋಡೋದು ಕಲೀತಿದ್ದೀನಿ, ಸ್ವಲ್ಪ ಬಿಡಿಸಿ ಹೇಳಿ

ಹೊಸಸೊಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಐಪಿಎಲ್ ಬಿಟ್ಟು ಬೇರೆ ಕ್ರಿಕೆಟ್ ನೋಡಿದವಳಲ್ಲ ನಾನು. ಈಗ ಬಂದಿರೋ ಮನೇಲಿ ಮಾವನಿಗೆ ಟೆಸ್ಟ್ ಮ್ಯಾಚ್ ಅಂದ್ರೆ ಊಟ ನಿದ್ದೆ ಬೇಡ. ಹೊಸ ಮ್ಯಾಚ್ ಇಲ್ಲದ ದಿನ ಹಳೇದನ್ನೇ ಹಾಕ್ಕೊಂಡು ಕೂರ್ತಾರೆ. ಮೊನ್ನೆ ಭಾನುವಾರ ನಾನೂ ಪಕ್ಕದಲ್ಲಿ ಅವರೆಕಾಯಿ ಬಿಡಿಸ್ತಾ ಕೂತಿದ್ದೆ. 2021ರ ಸಿಡ್ನಿ ಟೆಸ್ಟಿನ ಕೊನೇ ದಿನವಂತೆ.

ಇಂಡಿಯಾಗೆ 407 ಬೇಕಿತ್ತು. ಹೊಡೆದಿದ್ದು 334. ಅದೂ ಕೊನೇ ಎರಡು ಗಂಟೇಲಿ ಇಬ್ಬರು ಕುಂಟಿಕೊಂಡು ನಿಂತು ಬರೀ ಬಾಲ್ ತಡೀತಾ ಇದ್ರು. ಆಮೇಲೆ ಕೈ ಕುಲುಕಿದ್ರು, ಮ್ಯಾಚ್ ಮುಗೀತು. ಮಾವ ಕಣ್ಣೊರೆಸಿಕೊಂಡ್ರು! 73 ರನ್ ಕಮ್ಮಿ ಬಿದ್ರೆ ಅದು ಸೋಲಲ್ವಾ? ಆಸ್ಟ್ರೇಲಿಯಾದವರು ಆರೇ ವಿಕೆಟ್ ಹೋದಾಗ ತಾವಾಗೇ ಬ್ಯಾಟಿಂಗ್ ನಿಲ್ಲಿಸಿದ್ದಂತೆ, ಅದ್ಯಾಕೆ? ಮಾವನ್ನ ಕೇಳಿದ್ರೆ "ನೋಡ್ತಾ ನೋಡ್ತಾ ಗೊತ್ತಾಗುತ್ತಮ್ಮ" ಅಂತಾರೆ. ಐದು ದಿನ ನೋಡಿದ್ಮೇಲೆ ಗೊತ್ತಾಗೋದಾದ್ರೆ ನನ್ನ ರಜೆ ಸಾಲಲ್ಲ.

ರಾತ್ರಿಪಾಳಿ

ಸರಿಯಾಗೇ ಕೇಳಿದ್ದೀರಿ. ಐದು ದಿನ ಆಡಿ ಯಾರೂ ಗೆಲ್ಲಲಿಲ್ಲ ಅಂತ ಮನೆಗೆ ಹೋಗೋ ಆಟ ಇದೊಂದೇ. ಒಂದು ಸೂಪರ್ ಓವರ್ ಇಟ್ಟಿದ್ರೆ ಹತ್ತು ನಿಮಿಷದಲ್ಲಿ ತೀರ್ಮಾನ ಆಗ್ತಿತ್ತು.

ಧಾರವಾಡಪೇಡೆ

ತಂಗಿ, ಇದು ಭಾಳ ಸರಳ ಐತಿ. ಮೊದಲ ಇನ್ನಿಂಗ್ಸ್‌ನಾಗ ಯಾರು ಜಾಸ್ತಿ ಹೊಡೀತಾರೋ ಅವರ ಮೇಲುಗೈ ಅಂತ ಲೆಕ್ಕ. ಮ್ಯಾಚ್ ಮುಗೀಲಿಲ್ಲಂದ್ರ ಅವರಿಗೇ ಪಾಯಿಂಟ್ ಜಾಸ್ತಿ. ಸಿಡ್ನಿಯೊಳಗ ಆಸ್ಟ್ರೇಲಿಯಾ 338, ನಮ್ಮವರು 244. ಹಂಗಾಗಿ ಅದು ಖರೇ ಅಂದ್ರ ಆಸ್ಟ್ರೇಲಿಯಾದ್ದೇ ಮ್ಯಾಚ್. ಡ್ರಾ ಅನ್ನೂದು ಹೆಚ್ಚಾಗಿ ಮಳಿ ಬಂದಾಗ ಆಗ್ತೈತಿ.

ಹಳೇರೇಡಿಯೋ

ಪೇಡೆಯವರೇ, ನೀವು ಹೇಳಿದ್ದು ರಣಜಿ ಲೆಕ್ಕ. ರಣಜಿ ಲೀಗ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸ್ ಮುನ್ನಡೆ ಇದ್ದವರಿಗೆ 3 ಪಾಯಿಂಟ್, ಇನ್ನೊಬ್ಬರಿಗೆ 1. ನಾಕೌಟ್‌ನಲ್ಲಿ ಡ್ರಾ ಆದರೆ ಮುನ್ನಡೆ ಇದ್ದವರೇ ಮುಂದಕ್ಕೆ ಹೋಗುತ್ತಾರೆ. ಟೆಸ್ಟ್‌ನಲ್ಲಿ ಆ ಪದ್ಧತಿಯೇ ಇಲ್ಲ. ಡ್ರಾ ಎಂದರೆ ಇಬ್ಬರಿಗೂ ಸಮ. ಮಳೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ಸೊಸೆಯವರಿಗೆ. ಸುಮಾರು ವರ್ಷ ನಮ್ಮೂರಿನ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆದವನು ನಾನು, ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಬೇಡಿ.

ಐಪಿಎಲ್ ನೋಡಿದ ಕಣ್ಣಿಗೆ ಮೊದಲ ಎಡವಟ್ಟು ಆಗುವುದು ಇಲ್ಲೇ. ಅಲ್ಲಿ ಇನ್ನಿಂಗ್ಸ್ ಮುಗಿಯುವುದು ಓವರ್ ಮುಗಿದಾಗ. 20 ಓವರ್ ಆಯಿತು, ರನ್ ಸಾಲಲಿಲ್ಲ, ಸೋತಿರಿ. ಟೆಸ್ಟ್‌ನಲ್ಲಿ ಇನ್ನಿಂಗ್ಸಿಗೆ ಓವರ್ ಲೆಕ್ಕವೇ ಇಲ್ಲ. ಹತ್ತು ವಿಕೆಟ್ ಬೀಳಬೇಕು, ಇಲ್ಲವೇ ನಾಯಕನೇ ಸಾಕು ಎನ್ನಬೇಕು. ಹಾಗಾಗಿ ಗೆಲ್ಲಬೇಕಾದವನು ರನ್ ಜಾಸ್ತಿ ಮಾಡಿದರೆ ಸಾಲದು, ಎದುರಿನವರ ಕೊನೆಯ ಇನ್ನಿಂಗ್ಸನ್ನು ಮುಗಿಸಲೂಬೇಕು. ಸಿಡ್ನಿಯಲ್ಲಿ ಭಾರತದ ಐದು ವಿಕೆಟ್ ಇನ್ನೂ ಉಳಿದಿದ್ದವು. ಆ ಇನ್ನಿಂಗ್ಸ್ ಮುಗಿಯಲೇ ಇಲ್ಲ. ಮುಗಿಯದ ಇನ್ನಿಂಗ್ಸಿನಲ್ಲಿ 73 ಕಮ್ಮಿ ಎನ್ನುವ ಲೆಕ್ಕಕ್ಕೆ ಅರ್ಥವಿಲ್ಲ.

ಚಿಕ್ಕವರಿದ್ದಾಗ ಲಗೋರಿ ಆಡುತ್ತಿದ್ದೆವಲ್ಲ, ದೀಪ ಹಚ್ಚುವ ಹೊತ್ತಿಗೆ ಅಮ್ಮ ಕೂಗಿದರೆ ಕಲ್ಲು ಅರ್ಧ ಜೋಡಿಸಿದ್ದರೂ ಆಟ ಅಲ್ಲಿಗೇ ಬಿಡಬೇಕಿತ್ತು. ಯಾರೂ ಸೋತ ಹಾಗಲ್ಲ. ಟೆಸ್ಟ್‌ನಲ್ಲಿ ಅಮ್ಮ ಯಾವಾಗ ಕೂಗುತ್ತಾಳೆ ಅಂತ ಮೊದಲೇ ಗೊತ್ತಿರುತ್ತದೆ. ಎಲ್ಲರೂ ಆ ಗಂಟೆ ನೋಡಿಕೊಂಡೇ ಆಡುತ್ತಾರೆ.

ಹೊಸಸೊಸೆ_ದಾವಣಗೆರೆ

ಲಗೋರಿ ಅಂದ ಮೇಲೆ ತಲೆಗೆ ಹೋಯ್ತು ಸರ್. ಹಾಗಾದ್ರೆ ಕಲ್ಲು ಜೋಡಿಸೋಕೆ ಆಗಲ್ಲ ಅಂತ ಗೊತ್ತಾದಾಗ ಅಮ್ಮ ಕೂಗೋವರೆಗೂ ಔಟಾಗದೆ ಓಡಾಡ್ಕೊಂಡಿರೋದು. ಇದೇನಾ ಅವರು ಮಾಡಿದ್ದು?

ಹಳೇರೇಡಿಯೋ

ಅದೇ. ಆದರೆ ಬೆಳಗ್ಗೆಯಿಂದಲೇ ಹಾಗೆ ಆಡಲಿಲ್ಲ ಅನ್ನುವುದು ಆ ಪಂದ್ಯದ ಸೊಗಸು. ಅದಕ್ಕೇ ಸೆಷನ್ ಲೆಕ್ಕದಲ್ಲಿ ನೋಡಬೇಕು.

ಒಂದು ದಿನಕ್ಕೆ ಮೂರು ಸೆಷನ್, ಒಂದೊಂದೂ ಸುಮಾರು ಎರಡು ಗಂಟೆ, ಲೆಕ್ಕಕ್ಕೆ ಮೂವತ್ತು ಓವರ್. ಮೊದಲನೆಯದು ಮುಗಿದರೆ ಊಟಕ್ಕೆ 40 ನಿಮಿಷ, ಎರಡನೆಯದು ಮುಗಿದರೆ ಟೀಗೆ 20 ನಿಮಿಷ. ದಿನಕ್ಕೆ 90 ಓವರ್ ಆಗಬೇಕು, ನಿಧಾನ ಆದರೆ ಅರ್ಧ ಗಂಟೆ ಜಾಸ್ತಿ ಆಡಿಸುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಬೆಳಗ್ಗೆ 9.30ಕ್ಕೆ ಶುರು.

ನೀವು ಐದು ದಿನ ನೋಡಬೇಕಾಗಿಲ್ಲ. ಒಂದು ಸೆಷನ್ ನೋಡಿ. ಆ ಎರಡು ಗಂಟೆಯ ಕೊನೆಗೆ "ಈ ಸೆಷನ್ ಯಾರದು" ಅಂತ ನಿಮ್ಮನ್ನೇ ಕೇಳಿಕೊಳ್ಳಿ. 30 ಓವರಿಗೆ 110 ರನ್, ಒಂದೇ ವಿಕೆಟ್: ಬ್ಯಾಟಿಂಗ್‌ನವರದು. 70 ರನ್ನಿಗೆ ಮೂರು ವಿಕೆಟ್: ಬೌಲಿಂಗ್‌ನವರದು. ಹದಿನೈದು ಸೆಷನ್ನಿನ ಜಗ್ಗಾಟ ಅಂದುಕೊಳ್ಳಿ.

ಮಲ್ಲೇಶ್ವರಂ_ಫಿಲ್ಟರ್‌ಕಾಫಿ

ಚಿನ್ನಸ್ವಾಮಿಗೆ ಹೋಗಿ ನೋಡೋ ಪ್ಲಾನ್ ಇದ್ರೆ ಮೊದಲ ದಿನದ ಟಿಕೆಟ್ ಮಾತ್ರ ತಗೋಬೇಡಿ. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಟೆಸ್ಟಿಗೆ ನಾನು ಹಾಗೇ ಮಾಡಿ ಕೊಡೆ ಹಿಡ್ಕೊಂಡು ವಾಪಸ್ ಬಂದೆ. ಇಡೀ ದಿನ ಒಂದು ಬಾಲೂ ಬೀಳಲಿಲ್ಲ. ಮಾರನೇ ದಿನ ಆಫೀಸಲ್ಲಿ ಮೊಬೈಲ್ ನೋಡಿದ್ರೆ ನಮ್ಮವರು 46ಕ್ಕೆ ಆಲೌಟ್.

ಹೊಸಸೊಸೆ_ದಾವಣಗೆರೆ

ಟಿಕೆಟ್ ಬಗ್ಗೆ ಅಲ್ಲ ಕೇಳಿದ್ದು 😀 ಆದ್ರೂ ಪಾಪ.

ಹಳೇರೇಡಿಯೋ

ಕಾಫಿಯವರು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟರೂ ಪೇಡೆಯವರಿಗೆ ಅದೇ ಉತ್ತರ. ಒಂದು ದಿನ ಪೂರ್ತಿ ಮಳೆಗೆ ಹೋದರೂ ಆ ಪಂದ್ಯ ಡ್ರಾ ಆಗಲಿಲ್ಲ. ಐದನೆಯ ದಿನ ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಗೆದ್ದಿತು. ಮಳೆ ಹೊತ್ತನ್ನು ತಿನ್ನುತ್ತದೆ, ಅಷ್ಟೇ. ಉಳಿದ ಹೊತ್ತಿನಲ್ಲಿ ಇಪ್ಪತ್ತು ವಿಕೆಟ್ ತೆಗೆಯುವ ತಾಕತ್ತಿದ್ದರೆ ಗೆಲ್ಲಬಹುದು. ಇಲ್ಲಿ ಡಕ್ವರ್ತ್-ಲೂಯಿಸ್ ಇಲ್ಲ, ಟಾರ್ಗೆಟ್ ಕಮ್ಮಿ ಮಾಡಿಕೊಡುವವರೂ ಇಲ್ಲ.

ಧಾರವಾಡಪೇಡೆ

ಆತ್ರೀ, ಒಪ್ಪಿದೆ. ರಣಜಿ ನೋಡಿ ನೋಡಿ ತಲಿಯೊಳಗ ಅದೇ ಕುಂತೈತಿ.

ಸಿಲ್ಲಿಪಾಯಿಂಟ್

ಸಿಡ್ನಿ ಬಗ್ಗೆ ನಾನು ಹೇಳ್ತೀನಿ, ಆ ಮ್ಯಾಚ್ ನನಗೆ ಬಾಯಿಪಾಠ. ಅವತ್ತು ಜನವರಿ 11, ದ್ರಾವಿಡ್ ಹುಟ್ಟುಹಬ್ಬ ಬೇರೆ. ಇನ್ನೂ ಕತ್ತಲಿರುವಾಗಲೇ ಎದ್ದು ಟೀವಿ ಸೌಂಡ್ ಮ್ಯೂಟ್ ಮಾಡ್ಕೊಂಡು ಕೂತಿದ್ದೆ.

ನಾಲ್ಕನೇ ದಿನದಿಂದ ಶುರು ಮಾಡೋಣ, ಡಿಕ್ಲೇರ್ ಪ್ರಶ್ನೆ ಅಲ್ಲೇ ಇರೋದು. ಮೊದಲ ಇನ್ನಿಂಗ್ಸಲ್ಲಿ ಆಸ್ಟ್ರೇಲಿಯಾ 94 ಮುಂದಿತ್ತು. ಎರಡನೇದರಲ್ಲಿ ಸ್ಮಿತ್ 81, ಗ್ರೀನ್ 84. ಗ್ರೀನ್ ಔಟಾದಾಗ ಸ್ಕೋರ್ 312ಕ್ಕೆ 6, ಟೀ ಹೊತ್ತು. ಅಲ್ಲಿ ಕ್ಯಾಪ್ಟನ್ ಟಿಮ್ ಪೇನ್ ಡಿಕ್ಲೇರ್ ಮಾಡಿದ್ರು. 94ಕ್ಕೆ 312 ಸೇರಿದ್ರೆ 406. ನಮಗೆ ಬೇಕಾಗಿದ್ದು 407.

ಸೊಸೆಯವರೇ, ಪೇನ್ ಜಾಗದಲ್ಲಿ ನಿಂತು ನೋಡಿ. ನಾಲ್ಕು ವಿಕೆಟ್ ಇನ್ನೂ ಕೈಲಿದೆ, ಆಡ್ತಾ ಹೋದ್ರೆ 450, 500 ಮಾಡಬಹುದು. ಆದ್ರೆ ಅವರಿಗೆ ಬೇಕಾಗಿರೋದು ಇಂಡಿಯಾದ ಹತ್ತು ವಿಕೆಟ್. ಅದಕ್ಕೆ ಓವರ್ ಬೇಕು. ಟೀಗೆ ನಿಲ್ಲಿಸಿದ್ರೆ ಆವತ್ತಿನ ಒಂದು ಸೆಷನ್, ಮಾರನೇ ದಿನದ ಮೂರು, ಎಲ್ಲ ಸೇರಿ 132 ಓವರ್ ಸಿಗುತ್ತೆ. ಇನ್ನೊಂದು ಗಂಟೆ ಬ್ಯಾಟ್ ಮಾಡಿದ್ರೆ 15 ಓವರ್ ಕಮ್ಮಿ. ಡಿಕ್ಲೇರ್ ಅಂದ್ರೆ ರನ್ ಬಿಟ್ಟುಕೊಟ್ಟು ಓವರ್ ಕೊಂಡ್ಕೊಳ್ಳೋದು. ಬೇಗ ನಿಲ್ಲಿಸಿದ್ರೆ ಎದುರಿನವರು ಹೊಡೆದೇ ಗೆದ್ದುಬಿಡಬಹುದು, ತಡ ಮಾಡಿದ್ರೆ ಅವರು ನಿಂತು ಡ್ರಾ ಮಾಡಬಹುದು. ಈ ಎರಡು ಹೆದರಿಕೆ ಮಧ್ಯೆ ಒಂದು ಹೊತ್ತು ಹುಡುಕಬೇಕು.

ಎಡಗೈಸ್ಪಿನ್ನರ್

ಈ ಮಾತಿಗೆ ನನ್ನದೊಂದು ಹೇಳ್ಲೇಬೇಕು. ಎರಡು ದಿನದ ಲೀಗ್ ಮ್ಯಾಚು, ಮೈಸೂರು ಕಡೆ. ನಾವು ಮೊದಲು ಬ್ಯಾಟಿಂಗ್. ಎರಡನೇ ದಿನ ಊಟದ ಹೊತ್ತಿಗೇ ಸಾಕಷ್ಟು ರನ್ ಆಗಿತ್ತು. ನಮ್ಮ ಕ್ಯಾಪ್ಟನ್ 80ರ ಮೇಲೆ ಆಡ್ತಾ ಇದ್ದ. "ಇನ್ನೆರಡು ಓವರ್" ಅಂತ ಹೊರಗೆ ಕೈ ತೋರಿಸ್ದ. ನೂರು ಹೊಡೆಯೋಕೆ ಹನ್ನೊಂದು ಓವರ್ ತಗೊಂಡ. ಸಂಜೆ ಎದುರಿನವರ ಒಂಬತ್ತು ವಿಕೆಟ್ ಬಿದ್ದಿತ್ತು, ನಾನು ಬೌಲಿಂಗ್, ಕೊನೇ ಬ್ಯಾಟ್ಸ್‌ಮನ್ ಕಾಲು ನಡುಗ್ತಾ ಇತ್ತು. ಅಂಪೈರ್ ಬೇಲ್ಸ್ ತೆಗೆದ್ರು. ಆ ಹನ್ನೊಂದು ಓವರ್ ಇವತ್ತಿಗೂ ನನ್ನ ಹೊಟ್ಟೇಲಿ ಉರೀತಾ ಇದೆ.

ರಾತ್ರಿಪಾಳಿ

ಮುಲ್ತಾನ್ ನೆನಪಾಯ್ತು. 2004. ತೆಂಡೂಲ್ಕರ್ 194 ನಾಟೌಟ್ ಇದ್ದಾಗ ನಮ್ಮ ದ್ರಾವಿಡ್ 675ಕ್ಕೆ 5 ಅಂತ ಡಿಕ್ಲೇರ್ ಮಾಡಿದ್ರು. ನಮ್ಮನೇಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಒಂದು ವಾರ ಮಾತಿಲ್ಲ.

ಎಡಗೈಸ್ಪಿನ್ನರ್

ನನ್ನ ಕ್ಯಾಪ್ಟನ್‌ಗೆ ದ್ರಾವಿಡ್ ಎದೆಗಾರಿಕೆಯ ಕಾಲು ಭಾಗ ಇದ್ದಿದ್ರೂ ಸಾಕಿತ್ತು.

ರಾತ್ರಿಪಾಳಿ

ಆದ್ರೆ ಅದು ಎರಡನೇ ದಿನ! ಇನ್ನೂ ಮೂರು ದಿನ ಇತ್ತು. ಆರು ರನ್ನಿಗೆ ಎಷ್ಟು ಓವರ್ ಬೇಕು, ಎರಡಾ?

ಹಳೇರೇಡಿಯೋ

ಆ ದಿನದ ಆಟ ಮುಗಿಯಲು ಇನ್ನೂ ಒಂದು ಗಂಟೆಯಷ್ಟಿತ್ತು, ದಣಿದ ಪಾಕಿಸ್ತಾನಿ ಆರಂಭಿಕರನ್ನು ಆಗಲೇ ಆಡಿಸಬೇಕು ಎನ್ನುವುದು ಲೆಕ್ಕ. ಭಾರತ ಇನ್ನಿಂಗ್ಸ್ ಮತ್ತು 52 ರನ್ನಿನಿಂದ ಗೆದ್ದಿತು. ಇನ್ನೆರಡು ಓವರ್ ಕೊಟ್ಟಿದ್ದರೂ ಗೆಲ್ಲುತ್ತಿತ್ತು ಎನ್ನುವವರ ಬಾಯಿ ಮುಚ್ಚಿಸಲು ನನ್ನಿಂದ ಆಗುವುದಿಲ್ಲ. ಈ ಜಗಳ ಇಪ್ಪತ್ತು ವರ್ಷದಿಂದ ನಡೆಯುತ್ತಿದೆ, ಇಲ್ಲಿ ಮುಗಿಯುವುದಿಲ್ಲ. ಸಿಲ್ಲಿಪಾಯಿಂಟ್, ಸಿಡ್ನಿಗೆ ವಾಪಸ್ ಬನ್ನಿ.

ಸಿಲ್ಲಿಪಾಯಿಂಟ್

ಬಂದೆ. ನಾಲ್ಕನೇ ದಿನ ಸಂಜೆ 34 ಓವರ್ ಆಡಿ ನಮ್ಮದು 98ಕ್ಕೆ 2. ಗಿಲ್ 31, ರೋಹಿತ್ 52 ಔಟ್. ಪೂಜಾರ, ರಹಾನೆ ಕ್ರೀಸಲ್ಲಿ. ಇಲ್ಲಿ ಮೂರು ಸಂಖ್ಯೆ ಬರ್ಕೊಳ್ಳಿ: ಬೇಕಾದ ರನ್ 309, ಉಳಿದ ಓವರ್ 98, ಉಳಿದ ವಿಕೆಟ್ 8. ಕೊನೇ ದಿನ ನೋಡೋವಾಗ ಈ ಮೂರು ಸಾಕು, ಉಳಿದ ಗ್ರಾಫು ಗೀಫು ಎಲ್ಲ ಬಿಟ್ಹಾಕಿ.

ಐದನೇ ದಿನ ಎರಡನೇ ಓವರಲ್ಲೇ ರಹಾನೆ ಔಟ್, 102ಕ್ಕೆ 3. ಅಲ್ಲಿಗೆ ಎಲ್ಲರೂ ಸೋಲು ಅಂತಾನೇ ಅಂದ್ಕೊಂಡಿದ್ದು. ಆಗ ವಿಹಾರಿ ಬದಲು ಪಂತ್‌ನ ಮೊದಲು ಕಳಿಸಿದ್ರು. ಮೊದಲ ಇನ್ನಿಂಗ್ಸಲ್ಲಿ ಮೊಣಕೈಗೆ ಏಟು ಬಿದ್ದು ಕೀಪಿಂಗೂ ಮಾಡಿರಲಿಲ್ಲ ಅವನು. ಮೊದಲು ಸ್ವಲ್ಪ ತಡೆದ, ಆಮೇಲೆ ಲಯನ್‌ನ ಎತ್ತಿ ಎತ್ತಿ ಹೊಡೆದ. ಊಟಕ್ಕೆ 206ಕ್ಕೆ 3. ಈಗ ಎರಡು ಸೆಷನ್ನಿಗೆ ಬೇಕಾಗಿದ್ದು 201.

ಇಲ್ಲೇ ಡಿಕ್ಲೇರ್ ಆಟದ ಮಜಾ ಕಾಣೋದು. ಪಂತ್ ಹೊಡೆಯೋಕೆ ಶುರು ಮಾಡಿದ್ಮೇಲೆ ಪೇನ್ ಫೀಲ್ಡರ್‌ಗಳನ್ನ ಬೌಂಡರಿಗೆ ಕಳಿಸಬೇಕಾಯ್ತು. ಬ್ಯಾಟ್ ಸುತ್ತ ನಿಲ್ಲೋರು ಕಮ್ಮಿ ಆದ್ರು. ಅಂದ್ರೆ ಒಬ್ಬ ಹೊಡೆಯೋದ್ರಿಂದ ಇನ್ನೊಂದು ಕಡೆ ಪೂಜಾರಗೆ ತಡೆಯೋದು ಸುಲಭ ಆಯ್ತು. ಗೆಲ್ಲೋ ಬೆದರಿಕೆ ಇದ್ರೇನೇ ಡ್ರಾನೂ ಸಿಗೋದು.

ಪಂತ್ 118 ಬಾಲಿಗೆ 97 ಹೊಡೆದು ಲಯನ್‌ಗೇ ಔಟ್, 250ಕ್ಕೆ 4. 80 ಓವರ್ ಆದ್ಮೇಲೆ ಹೊಸ ಬಾಲ್ ತಗೋಬಹುದು, ಅದು ಬಂದಾಗ ಪೂಜಾರ 77ಕ್ಕೆ ಬೌಲ್ಡ್, ಹೇಜಲ್‌ವುಡ್. 272ಕ್ಕೆ 5. ಇನ್ನು ಗೆಲುವು ಮರೆತುಬಿಡಿ ಅನ್ನೋ ಹೊತ್ತು ಅದು.

ಹೊಸಸೊಸೆ_ದಾವಣಗೆರೆ

ಯಾಕೆ ಮರೀಬೇಕಿತ್ತು? ಇನ್ನೂ ಐದು ವಿಕೆಟ್ ಇತ್ತಲ್ಲ? 135 ರನ್ ಐಪಿಎಲ್‌ನಲ್ಲಿ 15 ಓವರಲ್ಲಿ ಹೊಡೀತಾರೆ.

ಸಿಲ್ಲಿಪಾಯಿಂಟ್

ಐದು ವಿಕೆಟ್ ಯಾರದು ನೋಡಿ. ವಿಹಾರಿ ರನ್ ಓಡುವಾಗ ಹ್ಯಾಮ್‌ಸ್ಟ್ರಿಂಗ್ ಎಳ್ಕೊಂಡ, ಓಡೋಕೆ ಆಗ್ತಿಲ್ಲ. ಅಶ್ವಿನ್‌ಗೆ ಬೆನ್ನು ನೋವು. ಮುಂದೆ ಬರಬೇಕಾದ ಜಡೇಜ ಹೆಬ್ಬೆರಳು ತಪ್ಪಿ ಪ್ಯಾಡ್ ಕಟ್ಕೊಂಡು ಕೂತಿದ್ದ. ಅವನಾದ್ಮೇಲೆ ಸೈನಿ, ಬೂಮ್ರಾ, ಸಿರಾಜ್. ಆ ಕಡೆ ಸ್ಟಾರ್ಕ್, ಕಮಿನ್ಸ್, ಹೇಜಲ್‌ವುಡ್ ಹೊಸ ಬಾಲ್ ಹಿಡ್ಕೊಂಡು, ಲಯನ್ ಐದನೇ ದಿನದ ಪಿಚ್ ಮೇಲೆ. ಓಡೋಕೆ ಬರದ ಇಬ್ಬರು ಹೊಡೆಯೋಕೆ ಹೋಗಿ ಒಬ್ಬ ಔಟಾದ್ರೆ ಅರ್ಧ ಗಂಟೇಲಿ ಎಲ್ಲಾ ಮುಗೀತಿತ್ತು.

ಟೀಗೆ 280ಕ್ಕೆ 5. ಟೀ ಆದ್ಮೇಲೆ ಆ ಇಡೀ ಸೆಷನ್ನಲ್ಲಿ ಬಂದಿದ್ದು 54 ರನ್, ಬಿದ್ದ ವಿಕೆಟ್ ಸೊನ್ನೆ. ಅಷ್ಟೇ ನೋಡಿದ್ರೆ ಏನೂ ನಡೆದೇ ಇಲ್ಲ ಅನ್ಸುತ್ತೆ. ಆದ್ರೆ ಮುಂದಿನ ಸಲ ಮಾವ ಹಾಕಿದಾಗ ವಿಹಾರಿಯ ಕೈ ನೋಡಿ. ಬಾಲ್ ಬ್ಯಾಟಿಗೆ ತಾಗೋ ಹೊತ್ತಿಗೆ ಕೆಳಗಿನ ಕೈ ಹಿಡಿತ ಸಡಿಲ ಬಿಡ್ತಾನೆ. ಬಾಲ್ ಸತ್ತ ಹಾಗೆ ಕಾಲ ಬುಡದಲ್ಲಿ ಬೀಳುತ್ತೆ. ಗಟ್ಟಿ ಹಿಡಿದ್ರೆ ಅದೇ ಬಾಲ್ ಪುಟಿದು ಶಾರ್ಟ್ ಲೆಗ್ ಕೈಗೆ ಹೋಗುತ್ತೆ. ಅವನು ಆಡಿದ 161 ಬಾಲಿನಲ್ಲಿ ಬಹುಪಾಲು ಇದೇ ಕೆಲಸ. ರನ್ 23. ಅಶ್ವಿನ್ ಮೈಮೇಲೆ ಏಟು ತಿಂದು 128 ಬಾಲಿಗೆ 39. ಇಬ್ಬರೂ 42 ಓವರಿಗೂ ಜಾಸ್ತಿ ನಿಂತ್ರು. ಒಂದು ಓವರ್ ಬಾಕಿ ಇರುವಾಗ ಪೇನ್ ಬಂದು ಕೈ ಕೊಟ್ರು. ಒಂದು ಓವರಲ್ಲಿ ಐದು ವಿಕೆಟ್ ಬೀಳಲ್ವಲ್ಲ.

ಧಾರವಾಡಪೇಡೆ

ಪೇನ್ ಕೀಪರ್ ಆಗಿ ಮೂರು ಕ್ಯಾಚ್ ಬಿಟ್ಟಿದ್ದು ಯಾಕ ಹೇಳವಲ್ಲಿ? ಪಂತ್‌ಂದು ಎರಡು, ವಿಹಾರಿದು ಒಂದು. ಅವನ್ನ ಹಿಡಿದಿದ್ರ ಈ ಥ್ರೆಡ್ಡೇ ಇರ್ತಿದ್ದಿಲ್ಲ. ಸ್ಟಂಪ್ ಹಿಂದ ನಿಂತು ಅಶ್ವಿನ್ ಕೂಡ ಬಾಯಿ ಮಾಡೂದರೊಳಗ ಧ್ಯಾನ ಇತ್ತು ಅವಂಗ.

ಸಿಲ್ಲಿಪಾಯಿಂಟ್

ಅದು ನಿಜ. ಆದ್ರೂ ನನ್ನ ಪ್ರಕಾರ ಪೇನ್ ಅರ್ಧ ಗಂಟೆ ತಡ ಮಾಡಿದ್ರು. 370 ಸಾಕಾಗಿತ್ತು.

ಹಳೇರೇಡಿಯೋ

ಒಪ್ಪುವುದಿಲ್ಲ. ಊಟದ ಹೊತ್ತಿಗೆ ಪಂತ್ ಆಡುತ್ತಿದ್ದ ಬಗೆಯಲ್ಲಿ 370 ಆಗಿದ್ದರೆ ಎರಡು ಸೆಷನ್ನಿಗೆ 164 ಸಾಕಿತ್ತು. ಆಗ ಅವನು ಔಟಾದ ಮೇಲೂ ಭಾರತ ಓಡುತ್ತಲೇ ಇರುತ್ತಿತ್ತು. ಮುಂದಿನ ವಾರ ಬ್ರಿಸ್ಬೇನ್‌ನಲ್ಲಿ 328 ಹೊಡೆದು ಗೆದ್ದೇ ತೋರಿಸಿದರಲ್ಲ ಇದೇ ಹುಡುಗರು.

ಸಿಲ್ಲಿಪಾಯಿಂಟ್

ಸರ್, ಓಡೋಕೆ ಹೋಗಿದ್ರೆ ವಿಕೆಟ್ ಬೀಳ್ತಿತ್ತು, ಅದೇ ನನ್ನ ಪಾಯಿಂಟ್! ಕಮ್ಮಿ ಟಾರ್ಗೆಟ್ ಅಂದ್ರೆ ಆಸೆ ಹುಟ್ಟಿಸೋದು.

ಹಳೇರೇಡಿಯೋ

ಆಸೆ ಹುಟ್ಟಿಸಿ ಗೆಲ್ಲುವುದಕ್ಕೂ ಎದೆ ಬೇಕು. 1-1 ಆಗಿರುವ ಸರಣಿಯಲ್ಲಿ ಎಲ್ಲ ನಾಯಕರಿಗೂ ಆ ಎದೆ ಇರುವುದಿಲ್ಲ. ಇದನ್ನು ಇಲ್ಲಿಗೆ ಬಿಡೋಣ.

ಎದೆಯ ಮಾತು ಬಂತಲ್ಲ, 2024ರ ಕಾನ್ಪುರ ಒಂದು ಹೇಳುತ್ತೇನೆ. ಬಾಂಗ್ಲಾದೇಶದ ವಿರುದ್ಧ. ಮೊದಲ ದಿನ 35 ಓವರ್ ಮಾತ್ರ ಆಟ, ಎರಡನೆಯ ಮತ್ತು ಮೂರನೆಯ ದಿನ ಒಂದು ಎಸೆತವೂ ಇಲ್ಲ. ನಾಲ್ಕನೆಯ ದಿನ ಬಾಂಗ್ಲಾ 233ಕ್ಕೆ ಆಲೌಟ್. ಹಳೆಯ ಕಾಲದವರಾಗಿದ್ದರೆ ಅಲ್ಲಿಗೇ ಡ್ರಾ ಎಂದು ಚಾಪೆ ಸುತ್ತುತ್ತಿದ್ದರು. ಭಾರತ 35 ಓವರ್ ಕೂಡ ಪೂರ್ತಿ ಆಡದೆ 285ಕ್ಕೆ 9 ಹೊಡೆದು ಡಿಕ್ಲೇರ್ ಮಾಡಿತು. ಮುನ್ನಡೆ ಬರೀ 52. ನಾನು ಟೀವಿ ಮುಂದೆ "ಇದ್ಯಾಕಪ್ಪ" ಎಂದೆ. ಆ ಸಂಜೆಯೇ ಎರಡು ವಿಕೆಟ್ ಬಿತ್ತು. ಮಾರನೆಯ ದಿನ ಬಾಂಗ್ಲಾ 146ಕ್ಕೆ ಆಲೌಟ್, ಬೇಕಾಗಿದ್ದ 95ನ್ನು ಮೂರು ವಿಕೆಟ್ ಕಳೆದುಕೊಂಡು ಮುಗಿಸಿದರು. ಸಿಡ್ನಿಯಲ್ಲಿ ಪೇನ್‌ಗೆ 406 ಸಾಕಾಗಲಿಲ್ಲ, ಇಲ್ಲಿ 52 ಸಾಕಾಯಿತು. ಡಿಕ್ಲೇರ್ ಯಾವಾಗ ಎನ್ನುವುದಕ್ಕೆ ಸೂತ್ರ ಕೇಳಬೇಡಿ ಅಂತ ಇದಕ್ಕೇ ಹೇಳುವುದು.

ರಾತ್ರಿಪಾಳಿ

ಕಾನ್ಪುರ ನೋಡಿದ್ದೆ ನಾನೂ. ಅದು ಐಪಿಎಲ್ ತರಾನೇ ಇತ್ತು, ಅದಕ್ಕೇ ಇಷ್ಟ ಆಯ್ತು 😁 ಸರಿ ಸರ್, ನನ್ನ ಸೂಪರ್ ಓವರ್ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಡ್ರಾ, ಟೈ ಎರಡೂ ಒಂದೇ ತಾನೆ?

ಹಳೇರೇಡಿಯೋ

ಅಲ್ಲ. ಟೈ ಅಂದರೆ ಆಟ ಪೂರ್ತಿ ಮುಗಿದು, ಕೊನೆಯ ಇನ್ನಿಂಗ್ಸಿನ ಹತ್ತೂ ವಿಕೆಟ್ ಬಿದ್ದು, ಎರಡೂ ಕಡೆ ರನ್ ಸಮ. ಟೆಸ್ಟ್ ಚರಿತ್ರೆಯಲ್ಲಿ ಎರಡೇ ಸಲ: 1960ರಲ್ಲಿ ಬ್ರಿಸ್ಬೇನ್, 1986ರಲ್ಲಿ ಮದ್ರಾಸ್. ಎರಡನೆಯದು ನಾನು ಆಕಾಶವಾಣಿಯಲ್ಲಿ ಕೇಳಿದವನು, ನನ್ನ ಹೆಸರು ಸುಮ್ಮನೆ ಬಂದಿದ್ದಲ್ಲ. ಅಲ್ಲಿಯೂ ಆಸ್ಟ್ರೇಲಿಯಾ ಎರಡೂ ಇನ್ನಿಂಗ್ಸ್ ಡಿಕ್ಲೇರ್ ಮಾಡಿತ್ತು! 574ಕ್ಕೆ 7, ಆಮೇಲೆ 170ಕ್ಕೆ 5. ಭಾರತಕ್ಕೆ ಕೊನೆಯ ದಿನ 348 ಬೇಕು, 347ಕ್ಕೆ ಆಲೌಟ್. ಕೊನೆಯ ವಿಕೆಟ್ ಬಿದ್ದಾಗ ರೇಡಿಯೋದಲ್ಲಿ ಬರೀ ಗದ್ದಲ, ಯಾರು ಗೆದ್ದರು ಅಂತ ಪಕ್ಕದ ಮನೆಯವರನ್ನು ಕೇಳಲು ಓಡಿದ್ದೆ.

ಸೂಪರ್ ಓವರ್ ಇಟ್ಟರೆ ವಿಹಾರಿ 161 ಎಸೆತ ತಡೆದಿದ್ದಕ್ಕೆ ಬೆಲೆ ಎಲ್ಲಿ? ತಡೆದು ಉಳಿಸಿಕೊಳ್ಳುವ ದಾರಿ ಇರುವುದರಿಂದಲೇ ಬೌಲಿಂಗ್ ಕಡೆಯವರು ಕೊನೆಯ ಗಂಟೆವರೆಗೂ ಬಾಗಿಲು ತಟ್ಟುತ್ತಿರಬೇಕಾಗುತ್ತದೆ. ಈಗಿನ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ಪಿನಲ್ಲಿ ಗೆದ್ದರೆ 12, ಡ್ರಾಗೆ 4 ಪಾಯಿಂಟ್. ಸೋತರೆ ಸೊನ್ನೆ. ನಾಲ್ಕು ಅನ್ನುವುದು ಸೊನ್ನೆ ಅಲ್ಲ.

ಮಲ್ಲೇಶ್ವರಂ_ಫಿಲ್ಟರ್‌ಕಾಫಿ

ಕೈ ಕುಲುಕೋ ವಿಷಯ ಬಂತಲ್ಲ, 2025ರ ಮ್ಯಾಂಚೆಸ್ಟರ್? ಸ್ಟೋಕ್ಸ್ ಕೈ ಚಾಚಿದ್ರೂ ನಮ್ಮವರು ಕೊಡ್ಲಿಲ್ಲ. ಅದು ಮರ್ಯಾದೇನಾ? ನನಗೆ ಸ್ವಲ್ಪ ಮುಜುಗರ ಆಯ್ತು.

ಸಿಲ್ಲಿಪಾಯಿಂಟ್

ಮುಜುಗರ ಯಾಕೆ? ಇಂಗ್ಲೆಂಡ್ 669 ಹೊಡೆದು 311 ಮುಂದಿತ್ತು. ನಮ್ಮ ಎರಡನೇ ಇನ್ನಿಂಗ್ಸಲ್ಲಿ ಮೊದಲ ಓವರಲ್ಲೇ ಸೊನ್ನೆಗೆ 2. ಅಲ್ಲಿಂದ ನಮ್ಮ ರಾಹುಲ್ 90, ಗಿಲ್ 103, ಆಮೇಲೆ ಜಡೇಜ, ವಾಷಿಂಗ್ಟನ್. ಕೊನೇ ಗಂಟೆ ಶುರುವಾದಾಗ, ಅಂದ್ರೆ 15 ಓವರ್ ಉಳಿದಾಗ, ಫಲಿತಾಂಶ ಬರಲ್ಲ ಅಂತ ಗೊತ್ತಾದ್ರೆ ಇಬ್ಬರೂ ಒಪ್ಪಿ ನಿಲ್ಲಿಸಬಹುದು. ಇಬ್ಬರೂ ಒಪ್ಪಬೇಕು, ಅದೇ ಮುಖ್ಯ. ಜಡೇಜ 89, ಸುಂದರ್ 80ರಲ್ಲಿ ಇದ್ರು. ಇಡೀ ದಿನ ಬೆವರು ಸುರಿಸಿ ಇನ್ನೊಬ್ಬರ ಅನುಕೂಲಕ್ಕೆ ಯಾಕೆ ನಿಲ್ಲಿಸಬೇಕು? ಬ್ರೂಕ್ ಬಂದು ಎಸೆದಿದ್ದೆಲ್ಲ ಹೊಡೆದು ಇಬ್ಬರೂ ನೂರು ಮಾಡಿ ಆಮೇಲೆ ಕೈ ಕೊಟ್ರು.

ಎಡಗೈಸ್ಪಿನ್ನರ್

ಬೌಲರ್ ಆಗಿ ಹೇಳ್ತೀನಿ, 140 ಓವರ್ ಹಾಕಿದ ಮೇಲೆ ಇನ್ನೊಂದು ಓವರ್ ಅಂದ್ರೆ ಕಾಲು ಕಿತ್ತು ಬರುತ್ತೆ. ಸ್ಟೋಕ್ಸ್ ಕೋಪ ನನಗೆ ಅರ್ಥ ಆಗುತ್ತೆ. ಆದ್ರೂ ಆ ಇಬ್ಬರ ಜಾಗದಲ್ಲಿ ನಾನಿದ್ರೆ ನಾನೂ ಆಡ್ತಿದ್ದೆ.

ಮಲ್ಲೇಶ್ವರಂ_ಫಿಲ್ಟರ್‌ಕಾಫಿ

ಅಲ್ಲಾ ಸ್ವಾಮಿ, ಮೇಲೆ ಸ್ವಂತ ನೂರಿಗೋಸ್ಕರ ಆಡಿದ ಕ್ಯಾಪ್ಟನ್‌ಗೆ ಬೈದವರು ನೀವೇ ಅಲ್ವಾ?

ಎಡಗೈಸ್ಪಿನ್ನರ್

ಅವನಿಂದ ಮ್ಯಾಚ್ ಹೋಯ್ತು. ಇವರಿಂದ ಏನೂ ಹೋಗ್ಲಿಲ್ಲ. ಎರಡೂ ಒಂದೇ ತಕ್ಕಡೀಲಿ ಹಾಕಬೇಡಿ.

ಮಲ್ಲೇಶ್ವರಂ_ಫಿಲ್ಟರ್‌ಕಾಫಿ

ಹಾಕ್ತೀನಿ.

ಹೊಸಸೊಸೆ_ದಾವಣಗೆರೆ

ನೀವು ಜಗಳ ಆಡ್ತಾ ಇರಿ, ನಾನು ನಿನ್ನೆ ರಾತ್ರಿ ಮಾವನ ಜೊತೆ ಸಿಡ್ನಿ ಕೊನೇ ಸೆಷನ್ ಮತ್ತೆ ನೋಡಿದೆ. ಈ ಸಲ ಕೈಲಿ ಅವರೆಕಾಯಿ ಇರ್ಲಿಲ್ಲ. ಮೂರು ಸಂಖ್ಯೆ ಹಳೇ ಕ್ಯಾಲೆಂಡರ್ ಹಿಂದೆ ಬರ್ಕೊಂಡು ಓವರ್ ಆದ ಹಾಗೆ ಹೊಡೆದು ಹಾಕ್ತಾ ಬಂದೆ. ವಿಹಾರಿಯ ಕೆಳಗಿನ ಕೈ ಸಡಿಲ ಆಗೋದು ನಿಜವಾಗ್ಲೂ ಕಾಣ್ಸುತ್ತೆ! ಸ್ಟಾರ್ಕ್ ಬಾಲಿಗೆ ಎಡ್ಜ್ ಆಗಿ ಪೇನ್ ಕ್ಯಾಚ್ ಬಿಟ್ಟಾಗ, ಮುಂದೆ ಏನಾಗುತ್ತೆ ಅಂತ ಗೊತ್ತಿದ್ರೂ ಕೂಗಿಬಿಟ್ಟೆ. ಅತ್ತೆ ಒಳಗಿಂದ "ಏನು ಬಿತ್ತೇ?" ಅಂತ ಕೇಳಿದ್ರು.

ಒಂದು ಅನುಮಾನ ಉಳೀತು. ಪೂಜಾರ ಔಟಾದ್ಮೇಲೆ ಪೇನ್ ಎಲ್ಲರನ್ನೂ ಬ್ಯಾಟ್ ಸುತ್ತ ನಿಲ್ಸಿದ್ರು, ದೂರ ಯಾರೂ ಇರ್ಲಿಲ್ಲ. ಆಗ ಸುಮ್ನೆ ಮೇಲೆತ್ತಿ ಹೊಡೆದ್ರೆ ಫೋರ್ ಹೋಗ್ತಿತ್ತಲ್ಲ, ಅಶ್ವಿನ್ ಯಾಕೆ ಹೊಡೀಲಿಲ್ಲ?

ಹಳೇರೇಡಿಯೋ

ಅವರು ಹಾಗೆ ನಿಲ್ಲಿಸಿದ್ದೇ ಅಶ್ವಿನ್‌ಗೆ ಆ ಆಸೆ ಬರಲಿ ಎಂದು. ಫೋರ್ ಹೋದರೆ ಆಸ್ಟ್ರೇಲಿಯಾಕ್ಕೆ ನಷ್ಟ ನಾಲ್ಕು ರನ್, ಆ ಹೊತ್ತಿಗೆ ರನ್ನಿಗೆ ಬೆಲೆಯೇ ಇರಲಿಲ್ಲ. ತಪ್ಪಿ ಎತ್ತಿದರೆ ವಿಕೆಟ್, ಹೊರಗೆ ಕೂತಿದ್ದ ಜಡೇಜ ಒಡೆದ ಬೆರಳು ಹಿಡಿದು ಬರಬೇಕಿತ್ತು. ನಿಮ್ಮ ಮಾವನವರನ್ನು ಇದೇ ಪ್ರಶ್ನೆ ಕೇಳಿ ನೋಡಿ, ಈ ಸಲ ಉತ್ತರ ಕೊಡುತ್ತಾರೆ.

ಹೊಸಸೊಸೆ_ದಾವಣಗೆರೆ

ಕೇಳಿದೆ. ಉತ್ತರ ಕೊಡೋಕೆ ಶುರು ಮಾಡಿ ಒಂದೂಕಾಲು ಗಂಟೆ ಆಯ್ತು ಸರ್, ಈಗ ಟೀ ಬ್ರೇಕ್.